ಮಿಂಚಕ್ಕ ಅಳಿಸಿದ ಕೆಂಪು ಸಾಲು

ಆ ಲ್ಯಾಬಿನಲ್ಲಿ ಅವಳ ನಿಜವಾದ ಹೆಸರು ಹಾಜರಿ ಹಾಕುವಾಗ ಮಾತ್ರ ಬಳಕೆಗೆ ಬರುತ್ತಿತ್ತು. ಉಳಿದಂತೆ ರಕ್ತ ತೆಗೆಯುವವರಿಂದ ಹಿಡಿದು ನೆಲ ಒರೆಸುವವರ ತನಕ ಎಲ್ಲರಿಗೂ ಅವಳು ಮಿಂಚಕ್ಕ. ಇನ್ನೊಬ್ಬರು ಕುರ್ಚಿ ಎಳೆದುಕೊಂಡು ಕೂರುವಷ್ಟರಲ್ಲಿ ಇವಳ ಕೆಲಸ ಮುಗಿದಿರುತ್ತಿತ್ತು. ಆ ಹೆಸರು ತನಗೆ ಇಷ್ಟವಿಲ್ಲ ಎಂದು ಅವಳು ಹೇಳುತ್ತಿದ್ದಳು. ಅದನ್ನು ಯಾರೂ ನಂಬುತ್ತಿರಲಿಲ್ಲ, ಅವಳನ್ನೂ ಸೇರಿಸಿ.

ನಲವತ್ತು ದಾಟಿದ ಹೆಂಗಸು. ಕಿಟಕಿಯಿಲ್ಲದ ಹಿಂದಿನ ಕೋಣೆ, ಸದಾ ಗುಂಯ್‌ಗುಡುವ ಫ್ರಿಜ್ಜಿನ ಪಕ್ಕ ಒಂದು ಮೇಜು, ಅದರ ಮೇಲೆ ಕಂಪ್ಯೂಟರ್. ಅಲ್ಲಿ ಕೂತು ವರದಿಗಳನ್ನು ನೋಡಿಕೊಳ್ಳುವುದು ಅವಳ ಪಾಲಿನ ಕೆಲಸ. ಪರೀಕ್ಷೆ ಮಾಡಿಸಿಕೊಂಡವರ ವಿವರವೆಲ್ಲ ಒಂದು ವೆಬ್‌ಪುಟದಲ್ಲಿ ಬರುತ್ತಿತ್ತು. ಒಬ್ಬೊಬ್ಬರಿಗೂ ಒಂದೊಂದು ಚೌಕ. ಚೌಕದಲ್ಲಿ ಹೆಸರು, ಫೋನ್ ನಂಬರು, ಮೂಲೆಯಲ್ಲಿ ಒಂದು ಬಣ್ಣದ ಪಟ್ಟಿ. ಹಸಿರು ಪಟ್ಟಿಯಾದರೆ ‘ಸಹಜ’, ಕೇಸರಿಯಾದರೆ ‘ವೈದ್ಯರನ್ನು ಕಾಣಿ’. ಇದನ್ನೆಲ್ಲ ಒಟ್ಟಿಗೆ ಇಳಿಸಿಕೊಳ್ಳಲು ಪುಟದಲ್ಲಿ ಒಂದು ಗುಂಡಿಯೂ ಇರಲಿಲ್ಲ. ಸಾಫ್ಟ್‌ವೇರಿನವರನ್ನು ಕೇಳಿದರೆ ‘ಮುಂದಿನ ಸಲ ಮಾಡ್ಕೊಡ್ತೀವಿ’ ಎನ್ನುತ್ತಿದ್ದರು. ಮುಂದಿನ ಸಲ ಎನ್ನುವುದು ಸಾಲಗಾರನ ನಾಳೆ ಇದ್ದ ಹಾಗೆ, ಬರುವುದೇ ಇಲ್ಲ. ಹಾಗಾಗಿ ಮಿಂಚಕ್ಕ ತಂಗಿ ಎಂದು ಕರೆಯುತ್ತಿದ್ದ ಮುಂದಿನ ಕೌಂಟರಿನ ಹುಡುಗಿ ಒಂದೊಂದೇ ನಂಬರು ನೋಡಿ ಫೋನು ಮಾಡಿ ಮಾಡಿ ಸಂಜೆಯ ಹೊತ್ತಿಗೆ ಗಂಟಲು ಕಟ್ಟಿಸಿಕೊಂಡು ಕೂರುತ್ತಿದ್ದಳು.

ಒಮ್ಮೆ ಪುಟ ಕೆಟ್ಟುಹೋಗಿ ಅದನ್ನು ಸರಿಮಾಡಲು ಬಂದವನು ಕೀಬೋರ್ಡಿನ ಮೇಲಿನ ಸಾಲಿನಲ್ಲಿ ಎಫ್-ಹನ್ನೆರಡು ಒತ್ತಿದ. ಪುಟದ ಪಕ್ಕದಲ್ಲಿ ಇನ್ನೊಂದು ಕಿಟಕಿ ತೆರೆದುಕೊಂಡಿತು. ಅದು ಡೆವಲಪರ್ ಕನ್ಸೋಲ್, ಪುಟಕ್ಕೆ ನೇರವಾಗಿ ಆಜ್ಞೆ ಕೊಡುವ ಜಾಗ. ಅವನು ಅಲ್ಲಿ ಒಂದು ಸಾಲು ಜಾವಾಸ್ಕ್ರಿಪ್ಟ್ ಕೋಡು ಬರೆದ, ಪುಟದಲ್ಲಿದ್ದ ಹೆಸರುಗಳೆಲ್ಲ ಸಾಲಾಗಿ ಬಂದು ಕೂತವು. ಇವಳು ಬಾಯಿ ಮೇಲೆ ಕೈಯಿಟ್ಟುಕೊಂಡು ನೋಡಿದಳು. ಅವನು ಹೋದ ಮೇಲೆ ಊಟದ ಬಿಡುವಿನಲ್ಲಿ ಡಬ್ಬಿ ಒಂದು ಕೈಯಲ್ಲಿ, ಮೌಸು ಇನ್ನೊಂದು ಕೈಯಲ್ಲಿ ಹಿಡಿದು ತಾನೇ ಕಲಿತಳು. ಮೊದಲ ಸಲ ಎಲ್ಲಿಂದಲೋ ತಂದ ಕೋಡನ್ನು ಅಂಟಿಸಲು ಹೋದಾಗ ಬ್ರೌಸರೇ ತಡೆಯಿತು. ನಿಮಗೆ ಅರ್ಥವಾಗದ್ದನ್ನು ಇಲ್ಲಿ ಅಂಟಿಸಬೇಡಿ ಎಂದು ಎಚ್ಚರಿಕೆ ಕೊಟ್ಟಿತು. ಅವಳು ಅದನ್ನು ಗೌರವದಿಂದ ಓದಿದಳು, ಅರ್ಥವಾಗುವ ತನಕ ಅಂಟಿಸಲಿಲ್ಲ. ಆಗಿನ ಮಿಂಚಕ್ಕ ಅಂಥವಳು, ಇದನ್ನು ಅವಳ ಪರವಾಗಿ ಹೇಳಲೇಬೇಕು.

ಕೆಲವೇ ವಾರಗಳಲ್ಲಿ ಅವಳದೇ ಒಂದು ತುಣುಕು ಕೋಡು ಸಿದ್ಧವಾಯಿತು. ಅದು ಪುಟದ ಚೌಕಗಳನ್ನು ಒಂದೊಂದಾಗಿ ಹಿಡಿಯುತ್ತಿತ್ತು. ಪ್ರತಿ ಚೌಕದ ಒಳಗೆ ಹೋಗಿ ನಂಬರು ತೆಗೆದುಕೊಂಡು, ಅದೇ ಚೌಕದ ಪಟ್ಟಿಯ ಅಕ್ಷರ ತೆಗೆದುಕೊಂಡು, ಎರಡನ್ನೂ ಒಂದೇ ಸಾಲಿನಲ್ಲಿ ಜೋಡಿಸಿ, ‘ಕಾಪಿ’ ಎನ್ನುವ ಆಜ್ಞೆಯಿಂದ ನಕಲು ಮಾಡಿಕೊಡುತ್ತಿತ್ತು. ಅದನ್ನು ತಂದು ಸ್ಪ್ರೆಡ್‌ಶೀಟಿನಲ್ಲಿ ಅಂಟಿಸಿ ಅವಳು ಕೌಂಟರಿಗೆ ಕಳಿಸುವಳು. ಕೌಂಟರಿನ ತಂಗಿ ಒಂದು ಗುಂಡಿ ಒತ್ತಿದರೆ ಎಲ್ಲರಿಗೂ ಮೆಸೇಜು. ಫೋನು ಯಾರ ಕೈಯಲ್ಲಿರುತ್ತದೋ ಗೊತ್ತಿಲ್ಲವಾದ್ದರಿಂದ ಮೆಸೇಜಿನಲ್ಲಿ ಹೆಸರು ಹಾಕಬಾರದೆಂಬ ನಿಯಮವಿತ್ತು. ‘ನಿಮ್ಮ ವರದಿ ಸಹಜವಾಗಿದೆ, ಬರುವ ಅಗತ್ಯವಿಲ್ಲ’, ಇಲ್ಲವೇ ‘ನಿಮ್ಮ ವರದಿಯೊಂದಿಗೆ ವೈದ್ಯರನ್ನು ಕಾಣಿ’. ಅಷ್ಟೇ.

“ಅಕ್ಕಾ, ನನ್ನ ಗಂಟಲು ಉಳಿಸಿದ್ದೇ ನೀವು,” ಎಂದಿದ್ದಳು ತಂಗಿ. ಮಿಂಚಕ್ಕ ಹಿಗ್ಗಿ ಹೀರೇಕಾಯಿಯಾಗಿದ್ದಳು.

ಅವಳ ಮನೆಯಿದ್ದ ಕಟ್ಟಡದಲ್ಲಿ ಮೇಲಿನ ಮಹಡಿಯವರು ಡ್ರೈವರ್ ಮಾವ ಮತ್ತು ಅತ್ತೆ. ರಕ್ತಸಂಬಂಧವೇನಿಲ್ಲ. ಮಾವ ಬಸ್ಸು ಓಡಿಸಿ ನಿವೃತ್ತರಾದವರು, ಅತ್ತೆ ಅವರನ್ನು ಓಡಿಸುವವರು. ಗಂಡ ಹೆಂಡತಿ ಇಬ್ಬರೂ ಹೊರಗೆ ಹೋಗುವಾಗ ಮನೆಯ ಇನ್ನೊಂದು ಕೀ ಮಿಂಚಕ್ಕನ ಹತ್ತಿರವೇ ಇರುತ್ತಿತ್ತು. ಗಿಡಕ್ಕೆ ನೀರು ಹಾಕುವುದು, ಬಂದ ಪಾರ್ಸೆಲ್ ಒಳಗಿಡುವುದು ಅವಳ ಕೆಲಸ. “ನೀನು ನಮ್ಮ ಮನೆ ಮಗಳೇ ಬಿಡು,” ಎನ್ನುತ್ತಿದ್ದರು ಅತ್ತೆ. ಮಾವನಿಗೆ ಮಂಡಿನೋವು. ಮೆಡಿಕಲ್ ಸ್ಟೋರಿನವನು ಕೊಟ್ಟ ನೋವಿನ ಮಾತ್ರೆಯನ್ನು ಬೆಳಿಗ್ಗೆ ಒಂದು, ರಾತ್ರಿ ಒಂದು ನುಂಗುತ್ತಿದ್ದರು. “ಇಷ್ಟೊಂದು ಮಾತ್ರೆ ತಿಂತೀರಲ್ಲ ಮಾವ, ಒಂದು ಸಲ ರಕ್ತ ಕೊಟ್ಟು ನೋಡಿ,” ಎಂದು ಬಲವಂತ ಮಾಡಿ ಅವರನ್ನು ಲ್ಯಾಬಿಗೆ ಕರೆತಂದವಳು ಅವಳೇ.

ಮಾವನ ವರದಿ ಬರಬೇಕಿದ್ದ ದಿನವೇ ಇನ್ನೊಂದು ಶಾಖೆಯ ಮ್ಯಾನೇಜರಮ್ಮ ಬಂದರು. ಮಿಂಚಕ್ಕನ ಚಮತ್ಕಾರವನ್ನು ಕಣ್ಣಾರೆ ನೋಡಬೇಕಂತೆ. ಇಲ್ಲಿಯ ಮ್ಯಾನೇಜರು ಅವರನ್ನು ಹಿಂದಿನ ಕೋಣೆಗೆ ಕರೆತಂದರು. ಕೌಂಟರಿನ ತಂಗಿಯೂ ಬಾಗಿಲಿಗೆ ಒರಗಿ ನಿಂತಳು.

“ನೋಡ್ತಾ ಇರಿ ಮೇಡಂ, ಕಣ್ಣು ಮುಚ್ಚಿ ತೆಗೆಯೋಷ್ಟರಲ್ಲಿ ಆಗಿರುತ್ತೆ,” ಎಂದರು ಮ್ಯಾನೇಜರು.

ಮಿಂಚಕ್ಕ ಎಫ್-ಹನ್ನೆರಡು ಒತ್ತಿದಳು, ತುಣುಕನ್ನು ಅಂಟಿಸಿದಳು, ಎಂಟರ್ ಕೊಟ್ಟಳು. ನಂಬರು, ಪಟ್ಟಿಗಳ ಬದಲು ಒಂದು ಕೆಂಪು ಸಾಲು ಬಂತು. ಇಲ್ಲದೇ ಇರುವ ವಸ್ತುವಿನಿಂದ ಅಕ್ಷರ ಓದಲಾರೆ ಎಂಬುದು ಅದರ ಅರ್ಥ. ಅಂದರೆ ಯಾವುದೋ ಒಂದು ಚೌಕದಲ್ಲಿ ಪಟ್ಟಿಯೇ ಇರಲಿಲ್ಲ. ಹುಡುಕಿಕೊಂಡು ಹೋದ ಕೋಡು ಬರಿಗೈಯಲ್ಲಿ ನಿಂತು, ಮುಂದೆ ಹೋಗಲಾರೆ ಎಂದು ಕೂಗುತ್ತಿತ್ತು.

ಒಬ್ಬಳೇ ಇದ್ದಿದ್ದರೆ ಅವಳು ಆ ಚೌಕ ಯಾವುದೆಂದು ನೋಡುತ್ತಿದ್ದಳು. ಆದರೆ ಬೆನ್ನ ಹಿಂದೆ ಮೂರು ಜನ. ಮ್ಯಾನೇಜರಮ್ಮ ಕೈಗಡಿಯಾರ ನೋಡಿಕೊಂಡ ಸದ್ದೂ ಕೇಳಿಸಿದಂತಾಯಿತು. ಗಡಿಯಾರ ನೋಡಿಕೊಂಡರೆ ಸದ್ದು ಬರುವುದಿಲ್ಲ ಎಂದು ನಿಮಗೂ ಗೊತ್ತು, ನನಗೂ ಗೊತ್ತು, ಆದರೆ ಬಿರುದು ಹೊತ್ತವರ ಕಿವಿಗೆ ಬರುತ್ತದೆ.

ಅವಳು ಕೆಂಪು ಸಾಲನ್ನು ಅಳಿಸಿದಳು. ಚೌಕದೊಳಗೆ ಹೋಗುವ ಗೊಡವೆಯೇ ಬೇಡವೆಂದು, ಪುಟದಲ್ಲಿರುವ ನಂಬರುಗಳನ್ನೆಲ್ಲ ಒಂದು ಸಾಲಾಗಿ ಕೇಳಿದಳು, ಬಂತು. ಪಟ್ಟಿಗಳನ್ನೆಲ್ಲ ಬೇರೆಯೇ ಒಂದು ಸಾಲಾಗಿ ಕೇಳಿದಳು, ಅದೂ ಬಂತು. ಕೆಂಪು ಎಲ್ಲೂ ಇಲ್ಲ. ಮೊದಲನೆಯದನ್ನು ಶೀಟಿನ ಒಂದು ಕಾಲಮ್ಮಿಗೂ ಎರಡನೆಯದನ್ನು ಅದರ ಪಕ್ಕದ ಕಾಲಮ್ಮಿಗೂ ಅಂಟಿಸಿದಳು. ಕೊನೆಯ ನಂಬರಿನ ಎದುರು ಮಾತ್ರ ಜಾಗ ಖಾಲಿ ಉಳಿಯಿತು. ಓ, ಇದೊಂದರದ್ದೇ ತೊಂದರೆ ಎಂದುಕೊಂಡು ಪುಟದ ಕೊನೆಯ ಚೌಕವನ್ನು ನೋಡಿದಳು. ಅಲ್ಲಿ ‘ಸಹಜ’ ಎಂದಿತ್ತು. ಖಾಲಿ ಜಾಗದಲ್ಲಿ ಕೈಯಿಂದಲೇ ‘ಸಹಜ’ ಎಂದು ಟೈಪು ಮಾಡಿದಳು.

ಕೊನೆಯ ಚೌಕದಲ್ಲಿ ಪಟ್ಟಿ ಇದೆ ಎಂದಾದರೆ ಶೀಟಿನಲ್ಲಿ ಅದು ಖಾಲಿ ಯಾಕೆ ಬಂತು ಎಂಬ ಪ್ರಶ್ನೆ ಅವಳಿಗೆ ಹೊಳೆಯಲಿಲ್ಲವೇ? ಹೊಳೆಯಿತು. ಹೊಳೆದದ್ದು ಮ್ಯಾನೇಜರಮ್ಮನ ಚಪ್ಪಾಳೆಯಲ್ಲಿ ಮುಚ್ಚಿಹೋಯಿತು.

“ಈ ಕೋಡು ನಮಗೂ ಕೊಡಿ,” ಎಂದರು ಮ್ಯಾನೇಜರಮ್ಮ. ತಂಗಿ ಓಡಿಹೋಗಿ ಕೌಂಟರಿನಲ್ಲಿ ಗುಂಡಿ ಒತ್ತಿದಳು.

ಸಂಜೆ ಮೆಟ್ಟಿಲ ಮೇಲೆ ಮಾವ ಕಾದೇ ನಿಂತಿದ್ದರು. ಕೈಯಲ್ಲಿ ಫೋನು, ಮುಖದ ತುಂಬ ನಗು.

“ಬಂತಮ್ಮಾ ಮೆಸೇಜು! ಸಹಜವಾಗಿದೆ, ಬರೋದು ಬೇಡ ಅಂತೆ. ನಿಮ್ಮತ್ತೆ ಮಾತ್ರೆ ಬಿಡಿ ಮಾತ್ರೆ ಬಿಡಿ ಅಂತ ಪ್ರಾಣ ತಿಂತಿದ್ಲು. ಈಗ ಏನಂತಾಳೆ ಕೇಳು!”

“ಆ ಮೆಸೇಜು ಕಳಿಸಿದ್ದೇ ನಾನು ಮಾವ,” ಎಂದಳು ಮಿಂಚಕ್ಕ. ಆ ಮಾತನ್ನು ಆಮೇಲೆ ಎಷ್ಟು ಸಲ ನೆನೆದು ತಲೆ ಚಚ್ಚಿಕೊಂಡಳೋ.

ಮರುದಿನ ಬೆಳಿಗ್ಗೆ ಲ್ಯಾಬಿನ ಬಾಗಿಲು ತೆಗೆಯುವಷ್ಟರಲ್ಲಿ ಒಬ್ಬ ಹೆಂಗಸು ತನ್ನ ಅಕ್ಕನ ಕೈ ಹಿಡಿದುಕೊಂಡು ನಿಂತಿದ್ದಳು. ಹೂವಿನ ಅಂಗಡಿಯವಳು. ಅತ್ತು ಅತ್ತು ಕಣ್ಣು ಊದಿತ್ತು. ವೈದ್ಯರನ್ನು ಕಾಣಿ ಎಂಬ ಮೆಸೇಜು ನೋಡಿದಾಗಿನಿಂದ ಒಂದು ತುತ್ತೂ ಗಂಟಲಲ್ಲಿ ಇಳಿದಿರಲಿಲ್ಲ. ಲ್ಯಾಬಿನ ವೈದ್ಯರು ವರದಿ ತೆರೆದು ನೋಡಿದರು, ಮತ್ತೊಮ್ಮೆ ನೋಡಿದರು. “ಎಲ್ಲಾ ಚೆನ್ನಾಗಿದೆಯಲ್ಲಮ್ಮ, ಯಾರು ಬರೋಕೆ ಹೇಳಿದ್ದು?” ಎಂದರು. ಅವಳು ಅಲ್ಲೇ ಕುಸಿದು ಕೂತು ಇನ್ನೂ ಜೋರಾಗಿ ಅತ್ತಳು.

ಮ್ಯಾನೇಜರು ಕೌಂಟರಿನ ತಂಗಿಯನ್ನು ಎಲ್ಲರ ಎದುರಿಗೇ ತರಾಟೆಗೆ ತೆಗೆದುಕೊಂಡರು. ಮೆಸೇಜು ಹೋಗುವುದು ಅವಳ ಕಂಪ್ಯೂಟರಿನಿಂದ, ಗುಂಡಿ ಒತ್ತುವ ಬೆರಳು ಅವಳದು. “ಒಂದು ಮೆಸೇಜು ನೆಟ್ಟಗೆ ಕಳಿಸೋಕೆ ಬರಲ್ವಾ? ಆಯಮ್ಮನಿಗೆ ಎದೆ ಒಡೆದು ಏನಾದ್ರೂ ಆಗಿದ್ರೆ?”

“ನನ್ನ ಕೈಯೇ ತಪ್ಪಿರಬೇಕು ಸರ್,” ಎಂದಳು ತಂಗಿ. ಅವಳು ಸುಳ್ಳು ಹೇಳಲಿಲ್ಲ. ಅವಳು ಹಾಗೆಯೇ ನಂಬಿದ್ದಳು. ಮಿಂಚಕ್ಕನ ಶೀಟಿನಲ್ಲಿ ತಪ್ಪಿರಬಹುದೆಂಬ ಯೋಚನೆಯೇ ಅವಳ ತಲೆಗೆ ಬರಲಿಲ್ಲ.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಮಿಂಚಕ್ಕ ನೇರ ಹಿಂದಿನ ಕೋಣೆಗೆ ಹೋದಳು. ಹಿಂದಿನ ದಿನದ ಪುಟ ತೆರೆದು ಎರಡು ಸಾಲುಗಳ ಉದ್ದವನ್ನು ಕನ್ಸೋಲಿಗೆ ಕೇಳಿದಳು. ಪಟ್ಟಿಗಳು ನಂಬರುಗಳಿಗಿಂತ ಒಂದು ಕಡಿಮೆ ಇದ್ದವು. ಪುಟವನ್ನು ಮೇಲಿನಿಂದ ನಿಧಾನವಾಗಿ ನೋಡುತ್ತ ಬಂದಳು. ನಡುವೆ ಒಂದು ಚೌಕದ ಮೂಲೆ ಬರಿದಾಗಿತ್ತು. ಆ ಮನುಷ್ಯನ ಪರೀಕ್ಷೆಯೇ ಇನ್ನೂ ಮುಗಿದಿರಲಿಲ್ಲ, ಅದಕ್ಕೇ ಪಟ್ಟಿ ಇರಲಿಲ್ಲ. ಎರಡು ಸಾಲುಗಳನ್ನು ಬೇರೆಬೇರೆ ಕೇಳಿದಾಗ ಅಲ್ಲಿಂದ ಕೆಳಗಿನ ಪಟ್ಟಿಗಳೆಲ್ಲ ಒಂದೊಂದು ಮನೆ ಮೇಲಕ್ಕೆ ಸರಿದು, ಪ್ರತಿಯೊಬ್ಬರಿಗೂ ಅವರ ಕೆಳಗಿನವರ ಫಲಿತಾಂಶ ಹೋಗಿತ್ತು. ಅಲ್ಲಿಂದ ಕೆಳಗೆ ಒಬ್ಬರನ್ನು ಬಿಟ್ಟು ಉಳಿದವರೆಲ್ಲ ಸಹಜವೇ ಆದ್ದರಿಂದ ಅದಲುಬದಲಾದರೂ ಏನೂ ತಿಳಿಯಲಿಲ್ಲ. ಹೂವಿನ ಅಂಗಡಿಯವಳಿಗೆ ಹೋದ ‘ವೈದ್ಯರನ್ನು ಕಾಣಿ’ ಎಂಬುದು ಅವಳ ಕೆಳಗಿನ ಚೌಕದ್ದು.

ಕೆಳಗಿನ ಚೌಕದಲ್ಲಿ ಡ್ರೈವರ್ ಮಾವನ ಹೆಸರಿತ್ತು.

ನಿನ್ನೆಯ ಕೆಂಪು ಸಾಲು ಹೇಳಿದ್ದು ಇದನ್ನೇ. ಅದು ನಿಲ್ಲು ಎಂದಿತ್ತು, ಇವಳು ಅದರ ಬಾಯಿ ಮುಚ್ಚಿಸಿದ್ದಳು. ಚೌಕ ಚೌಕವಾಗಿ ಹೋಗುವ ಹಳೆಯ ತುಣುಕಿಗೆ ಒಂದೇ ಒಂದು ಪ್ರಶ್ನಾರ್ಥಕ ಚಿಹ್ನೆ ಸೇರಿಸಿದ್ದರೆ ಸಾಕಿತ್ತು. ಪಟ್ಟಿ ಇಲ್ಲದವನ ಎದುರು ಮಾತ್ರ ಖಾಲಿ ಬಿಟ್ಟು ಉಳಿದವರನ್ನು ಅವರವರ ಜಾಗದಲ್ಲೇ ಇಡುತ್ತಿತ್ತು. ಅದು ಅವಳಿಗೆ ಗೊತ್ತಿಲ್ಲದ್ದೇನಲ್ಲ. ಗೊತ್ತಿಲ್ಲದೆ ಮಾಡಿದ್ದರೆ ಇಷ್ಟು ನಾಚಿಕೆಯೂ ಆಗುತ್ತಿರಲಿಲ್ಲ.

ಮುಂದಿನ ಕೋಣೆಗೆ ಹೋಗಿ ‘ತಪ್ಪು ನನ್ನದು’ ಎನ್ನಲು ಎರಡು ಹೆಜ್ಜೆ ಇಟ್ಟಳು. ಮ್ಯಾನೇಜರು ಫೋನಿನಲ್ಲಿ, “ಹೂಂ ಮೇಡಂ, ಆ ಕೋಡು ಇವತ್ತೇ ಕಳಿಸ್ತಾರೆ ನಮ್ಮ ಮಿಂಚಕ್ಕ,” ಎನ್ನುತ್ತಿದ್ದರು. ಅವಳು ಹಿಂತಿರುಗಿದಳು. ಪರೀಕ್ಷೆ ಮುಗಿಯದವನಿಗೆ ಫೋನು ಮಾಡಿ ವರದಿ ಇನ್ನೂ ಬಂದಿಲ್ಲವೆಂದಳು. ಮಾವನ ನಂಬರಿಗೆ ಲ್ಯಾಬಿನ ಹೆಸರಿನಲ್ಲೇ ಸದ್ದಿಲ್ಲದೆ ಇನ್ನೊಂದು ಮೆಸೇಜು ಕಳಿಸಿದಳು. ನಿಮ್ಮ ವರದಿಯೊಂದಿಗೆ ವೈದ್ಯರನ್ನು ಕಾಣಿ. ಇಷ್ಟಕ್ಕೆ ಎಲ್ಲ ಸರಿಹೋಯಿತು ಎಂದು ತನಗೆ ತಾನೇ ಹೇಳಿಕೊಂಡಳು.

ಸಂಜೆ ಮಾವ ಮತ್ತೆ ಮೆಟ್ಟಿಲ ಮೇಲೆ. “ಇದೇನಮ್ಮಾ, ನಿನ್ನೆ ಬರೋದು ಬೇಡ ಅಂದ್ರು, ಇವತ್ತು ಬನ್ನಿ ಅಂತಾರೆ? ಯಾವುದು ನಿಜ?”

ಈ ಇಡೀ ಕತೆಯಲ್ಲಿ ನಾನು ಅವಳನ್ನು ಕ್ಷಮಿಸಲಾರದ ಜಾಗ ಇದೊಂದೇ. ಕನ್ಸೋಲಿನಲ್ಲಿ ಆದದ್ದು ಅವಸರ. ಮೆಟ್ಟಿಲ ಮೇಲೆ ಅವಸರವೇನೂ ಇರಲಿಲ್ಲ. ‘ನಿನ್ನೆಯದು ತಪ್ಪು ಮಾವ, ತಪ್ಪು ನನ್ನಿಂದಲೇ ಆಯಿತು, ಈಗಲೇ ನಡೀರಿ’ ಎಂದಿದ್ದರೆ ಮುಗಿಯುತ್ತಿತ್ತು. ಮಾತು ನಾಲಿಗೆಯ ತುದಿಗೆ ಬಂದಿತ್ತು. ಆದರೆ ನಿನ್ನೆ ಇದೇ ಮೆಟ್ಟಿಲ ಮೇಲೆ ‘ಕಳಿಸಿದ್ದೇ ನಾನು’ ಎಂದು ಬೀಗಿದ್ದಳಲ್ಲ.

“ಅದು... ಹಾಗೇ ಬರುತ್ತೆ ಮಾವ. ಒಂದು ಸಲ ತೋರಿಸಿಬಿಡಿ, ಒಳ್ಳೇದು,” ಎಂದಳು, ಅಡ್ಡಗೋಡೆಯ ಮೇಲೆ ದೀಪವಿಟ್ಟ ಹಾಗೆ.

“ಓ, ಎಲ್ಲರಿಗೂ ಕಳಿಸೋದಾ! ನಾನೇನೋ ಅಂದ್ಕೊಂಡೆ. ಬಿಡು, ಮಂಡಿ ಸ್ವಲ್ಪ ಹಗುರಾಗಲಿ, ಹೋದ್ರಾಯ್ತು.” ಒಳಗಿನಿಂದ ಅತ್ತೆ ಕೂಗಿದರು, “ಅವಳು ಹೇಳ್ತಿದ್ದಾಳಲ್ರೀ, ಹೋಗಿಬನ್ನಿ.” ಮಾವ ನಕ್ಕು ಬಾಗಿಲು ಹಾಕಿಕೊಂಡರು.

ಆಮೇಲಿನ ದಿನಗಳಲ್ಲಿ ಮಿಂಚಕ್ಕ ಎರಡು ಮೂರು ಸಲ ಕೇಳಿದಳು. “ಹೋಗಿದ್ರಾ ಮಾವ?” “ನಾಳೆ ಹೋಗ್ತೀನಮ್ಮ.” ಅವಳು ಅದಕ್ಕಿಂತ ಹೆಚ್ಚು ಒತ್ತಾಯಿಸಲಿಲ್ಲ. ಒತ್ತಾಯಿಸಿದರೆ ಯಾಕೆ ಎಂದು ಕೇಳುತ್ತಾರೆ. ಲ್ಯಾಬಿನಲ್ಲಿ ತಂಗಿಯನ್ನು ಮೆಸೇಜಿನ ಕೆಲಸದಿಂದ ತೆಗೆದು ಬಾಟಲಿಗಳಿಗೆ ಚೀಟಿ ಅಂಟಿಸಲು ಹಾಕಿದ್ದರು. ಅವಳು ಪ್ರತಿ ಚೀಟಿಯನ್ನೂ ಗಟ್ಟಿಯಾಗಿ ಓದಿ, ಅಂಟಿಸಿ, ಮತ್ತೆ ಗಟ್ಟಿಯಾಗಿ ಓದುತ್ತಿದ್ದಳು. ಆ ಸ್ವರ ಗೋಡೆ ದಾಟಿ ಹಿಂದಿನ ಕೋಣೆಗೆ ಬರುತ್ತಿತ್ತು. ಮಿಂಚಕ್ಕ ಫ್ರಿಜ್ಜಿನ ಸದ್ದಿಗೆ ಕಿವಿಗೊಟ್ಟು ಕೂರುತ್ತಿದ್ದಳು.

ಒಂದು ಮಧ್ಯಾಹ್ನ ಅತ್ತೆಯ ಫೋನು ಬಂತು. ಮಾವನ ಕಾಲು ಊದಿದೆ, ಉಸಿರು ಎಳೆಯುತ್ತಿದೆ, ಆಸ್ಪತ್ರೆಗೆ ಸೇರಿಸಿದ್ದೇವೆ. ಮಿಂಚಕ್ಕ ಓಡಿದಳು. ಮೂತ್ರಪಿಂಡ ಮೊದಲೇ ದುರ್ಬಲವಾಗಿತ್ತು, ಅದರ ಮೇಲೆ ನೋವಿನ ಮಾತ್ರೆ ತಿಂದು ತಿಂದು ಪೂರ್ತಿ ಕೆಡಿಸಿಕೊಂಡಿದ್ದಾರೆ ಎಂದರು ಅಲ್ಲಿಯ ವೈದ್ಯರು. ಜೀವಕ್ಕೆ ಭಯವಿಲ್ಲ, ಆದರೆ ಇನ್ನು ಯಂತ್ರದಲ್ಲಿ ರಕ್ತ ಶುದ್ಧಿ ಮಾಡಿಸಬೇಕು, ಎಷ್ಟು ಕಾಲವೋ ಹೇಳಲಾಗದು. ಆ ವರದಿ ಬಂದಾಗಲೇ ಮಾತ್ರೆ ನಿಲ್ಲಿಸಿದ್ದರೆ ಬಹುಶಃ ಇಷ್ಟಾಗುತ್ತಿರಲಿಲ್ಲ ಎಂದೂ ಹೇಳಿದರು.

ಮಂಚದ ಸುತ್ತ ಅತ್ತೆಯ ನಾದಿನಿ, ಮೈದುನ ಎಂದು ನೆಂಟರು ನಿಂತಿದ್ದರು. ಅತ್ತೆ ಮಿಂಚಕ್ಕನನ್ನು ಕಂಡವರೇ ಬಂದು ಅವಳ ಕೈ ಹಿಡಿದುಕೊಂಡು ಎಲ್ಲರಿಗೂ ಕೇಳುವಂತೆ ಹೇಳಿದರು, “ಇವಳು ಬಡ್ಕೊಂಡ್ಲು, ಡಾಕ್ಟರಿಗೆ ತೋರಿಸಿ ಮಾವ ಅಂತ. ಹೊಟ್ಟೇಲಿ ಹುಟ್ಟಿದ ಮಗಳೂ ಹಾಗೆ ಹೇಳ್ತಿರಲಿಲ್ಲ. ಈ ಮನುಷ್ಯ ಕೇಳಿದ್ರೆ ತಾನೆ?”

ನಾದಿನಿ ಅವಳ ಬೆನ್ನು ಸವರಿದರು. ಮಂಚದ ಮೇಲಿನಿಂದ ಮಾವ ಕೂಡ, “ಹೌದಮ್ಮ, ನಿನ್ನ ಮಾತು ಕೇಳಬೇಕಿತ್ತು,” ಎಂದು ತಪ್ಪಿತಸ್ಥರ ಹಾಗೆ ನಕ್ಕರು.

ಬೈಗುಳವಾಗಿದ್ದರೆ ಅವಳು ತಡೆದುಕೊಳ್ಳುತ್ತಿದ್ದಳೇನೋ. ಭೂಮಿ ಬಾಯ್ಬಿಡಬಾರದೇ ಎನಿಸಿತು. ಭೂಮಿಗೆ ಇಂಥ ಕೆಲಸಕ್ಕೆ ಪುರುಸೊತ್ತಿಲ್ಲ. ಅವಳು ಅತ್ತೆಯ ಕೈಯಿಂದ ಕೈ ಬಿಡಿಸಿಕೊಂಡಳು.

“ಇಲ್ಲ ಅತ್ತೆ. ನಾನು ಹೇಳಲಿಲ್ಲ. ಹೇಳಿದ ಹಾಗೆ ಮಾಡಿದೆ ಅಷ್ಟೇ. ಮೊದಲು ಬಂದ ಮೆಸೇಜು ಮಾವಂದಲ್ಲ, ಬೇರೆಯವರದ್ದು. ನಾನೇ ಹೆಚ್ಚುಕಮ್ಮಿ ಮಾಡಿದ್ದು. ಮರುದಿನವೇ ಗೊತ್ತಾಯ್ತು ನನಗೆ. ಗೊತ್ತಿದ್ದೂ... ನನ್ನ ಮರ್ಯಾದೆ ಹೋಗುತ್ತೆ ಅಂತ ಬಾಯಿ ಬಿಡಲಿಲ್ಲ.”

ನಾದಿನಿಯ ಕೈ ಬೆನ್ನಿನಿಂದ ಸರಿಯಿತು. ಮಾವ ಚಾವಣಿ ನೋಡುತ್ತಲೇ ಕೇಳಿದರು, “ಹಾಗಾದ್ರೆ ನನಗೆ ಬರಬೇಕಾದ ಮೆಸೇಜು ಯಾರಿಗೆ ಹೋಗಿತ್ತು?”

“ಒಬ್ಬ ಹೂವಿನ ಅಂಗಡಿಯವಳಿಗೆ. ರಾತ್ರಿಯೆಲ್ಲ ಅತ್ತಿದ್ಲು ಮಾವ.”

“ಪಾಪ,” ಎಂದರು ಮಾವ, ಗೋಡೆಯ ಕಡೆ ಹೊರಳಿದರು.

ಅತ್ತೆ ಅವಳ ಜೊತೆ ಬಾಗಿಲ ತನಕ ಬಂದರು. ಬಯ್ಯಲಿ ಎಂದು ಅವಳು ಕಾದಳು. ಅತ್ತೆ ಕೈ ಚಾಚಿದರು.

“ನಮ್ಮ ಮನೆ ಕೀ ಇದೆಯಲ್ಲ ನಿನ್ಹತ್ರ. ಅದನ್ನ ಕೊಟ್ಟು ಹೋಗಮ್ಮ.”

ಕೀ ಗೊಂಚಲಿನಿಂದ ಅದೊಂದನ್ನು ಬಿಡಿಸಲು ಅವಳ ಬೆರಳುಗಳಿಗೆ ಆಗಲೇ ಇಲ್ಲ. ಮಿಂಚಿನಂಥ ಬೆರಳುಗಳು. ಕೊನೆಗೆ ಅತ್ತೆಯೇ ಬಿಡಿಸಿಕೊಂಡರು.

ಅಲ್ಲಿಂದ ಅವಳು ನೇರವಾಗಿ ಲ್ಯಾಬಿಗೆ ಬಂದಳು. ಕೆಟ್ಟ ಮೇಲೆ ಬುದ್ಧಿ ಬಂತು ಎಂದು ನೀವು ಅನ್ನಬಹುದು, ಅವಳೂ ದಾರಿಯುದ್ದಕ್ಕೂ ಅದನ್ನೇ ಅಂದುಕೊಂಡಳು. ಮ್ಯಾನೇಜರನ್ನು ಕರೆದು, ತಂಗಿಯ ಮುಂದೆ ನಿಲ್ಲಿಸಿ, ಕೆಂಪು ಸಾಲಿನಿಂದ ಹಿಡಿದು ಕೈಯಿಂದ ಟೈಪು ಮಾಡಿದ ‘ಸಹಜ’ದ ತನಕ ಎಲ್ಲ ಹೇಳಿದಳು. ತಾನು ಕಳಿಸಿಕೊಟ್ಟಿದ್ದ ಕೋಡನ್ನು ಬಳಸಬೇಡಿ ಎಂದು ಇನ್ನೊಂದು ಶಾಖೆಗೂ ಅವರೆದುರೇ ಫೋನು ಮಾಡಿದಳು. ಮ್ಯಾನೇಜರ ಮುಖ ಕೆಂಪಾಯಿತು, ಬೈಗುಳವೂ ಬಂತು, ಮುಂದೆ ಮೇಲಿನವರ ವಿಚಾರಣೆಯೂ ಆಯಿತು. ಕೆಲಸ ಉಳಿಯಿತು, ಹೇಗೋ.

ತಂಗಿ ಮಾತ್ರ ಅವತ್ತು ಕೈಯಲ್ಲಿದ್ದ ಬಾಟಲಿಯನ್ನು ಕೆಳಗಿಟ್ಟು ಮೆಲ್ಲಗೆ ಹೇಳಿದಳು, “ನಾನು ನಮ್ಮ ಅಮ್ಮಂಗೂ ಹೇಳಿದ್ದೆ, ನನ್ನ ಕೈಯೇ ಸರಿಯಿಲ್ಲ, ಯಾರದ್ದೋ ಜೀವ ತೆಗೀತೀನಿ ಒಂದು ದಿನ ಅಂತ. ಇಷ್ಟು ದಿನ ನಿದ್ದೆ ಮಾಡಿಲ್ಲ ನಾನು.”

“ಕ್ಷಮಿಸು ತಂಗಿ,” ಎಂದಳು ಮಿಂಚಕ್ಕ. ತಂಗಿ ತಲೆಯಾಡಿಸಿದಳು. ಅದು ಹೂಂ ಎಂದೋ ಉಹೂಂ ಎಂದೋ ತಿಳಿಯಲಿಲ್ಲ.

ಈಗಲೂ ಹಿಂದಿನ ಕೋಣೆಯಲ್ಲಿ ಅವಳೇ ಕೂರುತ್ತಾಳೆ. ಕನ್ಸೋಲ್ ಬಿಟ್ಟಿಲ್ಲ, ಬಿಟ್ಟರೆ ಕೆಲಸ ಸಾಗದು. ಕೆಂಪು ಸಾಲು ಬಂದರೆ ಕೀಬೋರ್ಡಿನಿಂದ ಕೈ ತೆಗೆದು ಮಡಿಲಲ್ಲಿಟ್ಟುಕೊಂಡು ಅದನ್ನು ಪೂರ್ತಿ ಓದುತ್ತಾಳೆ. ಆಮೇಲೆ ಪುಟವನ್ನೂ ಶೀಟನ್ನೂ ಪಕ್ಕಪಕ್ಕ ಇಟ್ಟು ನಡುನಡುವಿನ ಚೌಕಗಳನ್ನು ತಾಳೆ ನೋಡುತ್ತಾಳೆ. ಇದರಿಂದ ತಡವಾಗುತ್ತದೆ, ಈಗ ಯಾರೂ ಅವಳನ್ನು ಮಿಂಚಕ್ಕ ಎಂದು ಕರೆಯುವುದಿಲ್ಲ. ಮೇಲಿನ ಮಹಡಿಯವರು ಯಂತ್ರದ ಚಿಕಿತ್ಸೆಗೆ ವಾರಕ್ಕೆ ಎರಡು ಸಲ ಮೆಟ್ಟಿಲು ಇಳಿಯುತ್ತಾರೆ. ಆ ಹೊತ್ತಿಗೆ ಅವಳು ಬಾಗಿಲ ಹಿಂದೆ ನಿಂತು ಹೆಜ್ಜೆಯ ಸದ್ದು ಕೆಳಗೆ ಹೋಗುವ ತನಕ ಕಾಯುತ್ತಾಳೆ.

ಮೆಸೇಜಿನ ಕೆಲಸ ಮತ್ತೆ ಕೌಂಟರಿನ ತಂಗಿಗೇ ಬಂದಿದೆ. ಸಂಜೆಯಾದರೆ ಅವಳು ಹಿಂದಿನ ಕೋಣೆಯ ಬಾಗಿಲಿಗೆ ಬರುತ್ತಾಳೆ, ಆದರೆ ಮೊದಲಿನ ಹಾಗೆ ಒರಗಿ ನಿಲ್ಲುವುದಿಲ್ಲ. ಹೊಸ್ತಿಲ ಆಚೆಯೇ ನಿಂತು ಮರ್ಯಾದೆಯಿಂದ ಕೇಳುತ್ತಾಳೆ.

“ಮೇಡಂ, ಇವತ್ತಿನ ಶೀಟು ರೆಡಿ ಇದೆಯಾ?”